‘ಪ್ಲೀಸ್’ ಸೇರಿಸಿದರೂ ಒರಟಾಗುವ ಇಂಗ್ಲಿಷ್

ಕನ್ನಡದಲ್ಲಿ ಮರ್ಯಾದೆ ವಾಕ್ಯದ ಬಾಲದಲ್ಲಿ ಇರುತ್ತದೆ. ‘ಮಾಡು’ ಎಂಬುದು ‘ಮಾಡಿ’ ಆದರೆ ಸಾಕು, ಮಾತು ಹದಕ್ಕೆ ಬರುತ್ತದೆ. ಇನ್ನೂ ಮೆತ್ತಗಾಗಬೇಕಾದರೆ ‘ಮಾಡ್ತೀರಾ’ ಇದೆ, ‘ಮಾಡಿದ್ರೆ ಒಳ್ಳೇದಿತ್ತು’ ಇದೆ. ತಪ್ಪು ತೋರಿಸುವಾಗಲೂ ‘ತಪ್ಪಾಗಿದೆ ಅನ್ಸುತ್ತೆ’ ಎಂದು ಕೊನೆಯಲ್ಲೇ ಮೊನಚು ಕಡಿಮೆ ಮಾಡುತ್ತೇವೆ. ಇಂಗ್ಲಿಷಿನ ಕ್ರಿಯಾಪದಕ್ಕೆ ಇಂಥ ಬಾಲವಿಲ್ಲ. ಅಲ್ಲಿ ಈ ಕೆಲಸವನ್ನು ವಾಕ್ಯದ ತಲೆ ಮಾಡುತ್ತದೆ: ‘ಕುಡ್ ಯು’, ‘ಐ ಥಿಂಕ್’, ‘ಇಟ್ ಲುಕ್ಸ್ ಲೈಕ್’.

ಆಫೀಸಿನ ಇಂಗ್ಲಿಷ್‌ನಲ್ಲಿ ಕನ್ನಡಿಗರ ಮಾತು ಒರಟಾಗಿ ಕೇಳುವುದಕ್ಕೆ ಬಹಳಷ್ಟು ಸಲ ಇದೇ ಕಾರಣ. ‘ಈ ಲೆಕ್ಕ ಸರಿ ಮಾಡಿ ಕಳಿಸಿ’ ಎಂದು ಮನಸ್ಸಿನಲ್ಲಿ ಮೂಡಿದ ವಾಕ್ಯ ‘ಕರೆಕ್ಟ್ ದಿಸ್ ಅಂಡ್ ಸೆಂಡ್’ ಆಗುವಾಗ ಬಾಲದ ಮರ್ಯಾದೆ ಉದುರಿಹೋಗುತ್ತದೆ, ತಲೆಯಲ್ಲಿ ಏನೂ ಬಂದು ಕೂರುವುದಿಲ್ಲ. ಉಳಿಯುವುದು ಬರಿಯ ಅಪ್ಪಣೆ. ಅದಕ್ಕೆ ‘ಪ್ಲೀಸ್’ ಅಂಟಿಸಿದರೂ ಅಪ್ಪಣೆ ಅಪ್ಪಣೆಯೇ. ಬ್ರಿಟನ್ನಿನವರ ಕಿವಿಗೆ ‘ಎಷ್ಟು ಸಲ ಹೇಳಬೇಕು’ ಎಂಬ ಅಸಹನೆಯೂ ಅದರಲ್ಲಿ ಕೇಳಿಸಬಹುದು. ‘ಕುಡ್ ಯು’ ಎಂದು ಶುರುವಾಗುವ ಪ್ರಶ್ನೆಯಲ್ಲಿ ‘ಪ್ಲೀಸ್’ ಇಲ್ಲದಿದ್ದರೂ ನಡೆಯುತ್ತದೆ.

ಎರಡು ಮೂರು ಪದಗಳು ಇದೇ ರೀತಿ ಕೈಕೊಡುತ್ತವೆ. ಕನ್ನಡದ ‘ಬೇಕು’ ಒಂದೇ. ಇಂಗ್ಲಿಷಿನಲ್ಲಿ ಅದು ‘ನೀಡ್’, ‘ಶುಡ್’, ‘ಮಸ್ಟ್’ ಎಂದು ಹಂಚಿಹೋಗಿದೆ. ಸಹೋದ್ಯೋಗಿಗೆ ‘ಯು ಮಸ್ಟ್’ ಎಂದರೆ ಗದರಿದಂತೆ. ‘ಯಾಕೆ ಹೀಗೆ ಮಾಡಿದ್ರಿ?’ ಎಂಬುದನ್ನು ನಿಜವಾದ ಕುತೂಹಲದಿಂದಲೂ ಕೇಳಬಹುದು, ದನಿಯಲ್ಲೇ ಅದು ಗೊತ್ತಾಗುತ್ತದೆ. ಇಮೇಲ್‌ಗೆ ದನಿಯಿಲ್ಲ, ಹಾಗಾಗಿ ‘ವೈ ಡಿಡ್ ಯು’ ಎಂಬುದು ವಿಚಾರಣೆಯ ಹಾಗೆ ಕೇಳುತ್ತದೆ. ಇನ್ನು ‘ಡೌಟ್’. ಬೆಂಗಳೂರಿನ ಆಫೀಸಿನೊಳಗೆ ‘ಐ ಹ್ಯಾವ್ ಎ ಡೌಟ್’ ಎಂದರೆ ಒಂದು ಪ್ರಶ್ನೆ ಇದೆ ಎಂದಷ್ಟೇ ಅರ್ಥ, ಯಾರಿಗೂ ತೊಂದರೆಯಿಲ್ಲ. ಲಂಡನ್ನಿನವರಿಗೆ ‘ಐ ಹ್ಯಾವ್ ಎ ಡೌಟ್ ಅಬೌಟ್ ಯುವರ್ ರಿಪೋರ್ಟ್’ ಎಂದು ಬರೆದರೆ, ನಿಮ್ಮ ವರದಿಯ ಮೇಲೆ ನನಗೆ ನಂಬಿಕೆಯಿಲ್ಲ ಎಂದ ಹಾಗಾಗುತ್ತದೆ. ಅಲ್ಲಿ ‘ಕ್ವೆಶ್ಚನ್’ ಎನ್ನುವುದೇ ಸುರಕ್ಷಿತ.

ಒಂದು ಉದಾಹರಣೆ. ಬ್ರಿಟನ್ನಿನಲ್ಲಿರುವ ಸಹೋದ್ಯೋಗಿ ತಿಂಗಳ ಮಾರಾಟದ ವರದಿ ಬರೆದಿದ್ದಾರೆ. ಅದನ್ನು ಬೆಂಗಳೂರಿನಲ್ಲಿ ಒಬ್ಬರು ನೋಡುತ್ತಿದ್ದಾರೆ. ನಾಲ್ಕನೇ ಪುಟದ ಪಟ್ಟಿಯ ಸಾಲುಗಳನ್ನು ಕೂಡಿದರೆ 1,420 ಬರುತ್ತದೆ, ಕೆಳಗೆ ಮೊತ್ತ ಎಂದು ನಮೂದಾಗಿರುವುದು 1,240. ವರದಿ ಶುಕ್ರವಾರ ಗ್ರಾಹಕರಿಗೆ ಹೋಗಬೇಕು. ಮೊದಲು ಕೈಗೆ ಬರುವ ವಾಕ್ಯ ಹೀಗಿರುತ್ತದೆ: ‘ಯು ಹ್ಯಾವ್ ಮೇಡ್ ಎ ಮಿಸ್ಟೇಕ್ ಆನ್ ಪೇಜ್ ಫೋರ್. ವೈ ಡಿಡ್ ಯು ನಾಟ್ ಚೆಕ್? ಪ್ಲೀಸ್ ಕರೆಕ್ಟ್ ಇಮ್ಮೀಡಿಯಟ್ಲಿ.’ ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಮೂರೂ ವಾಕ್ಯಗಳು ಎದುರಿನವರತ್ತಲೇ ಬೆರಳು ಮಾಡುತ್ತವೆ, ತಪ್ಪಿದ ಅಂಕಿಯತ್ತ ಒಂದೂ ತಿರುಗುವುದಿಲ್ಲ.

ಒರಟಾಯಿತೆಂಬ ಅಳುಕಿಗೆ ಅದೇ ಮಾತು ಇನ್ನೊಂದು ತುದಿಗೆ ಜಾರುತ್ತದೆ: ‘ಸಾರಿ ಟು ಡಿಸ್ಟರ್ಬ್. ವೆರಿ ನೈಸ್ ರಿಪೋರ್ಟ್. ಮೇ ಬಿ ಸಮ್ ನಂಬರ್ಸ್ ಕುಡ್ ಬಿ ಚೆಕ್ಡ್, ಇಫ್ ಯು ಗೆಟ್ ಟೈಮ್.’ ಓದಿದವರಿಗೆ ಖುಷಿಯಾಗುತ್ತದೆ, ವರದಿ ತಪ್ಪಿನ ಸಮೇತ ಶುಕ್ರವಾರ ಹೊರಟುಹೋಗುತ್ತದೆ. ಯಾವ ಪುಟ, ಯಾವ ಅಂಕಿ, ಯಾವಾಗಿನೊಳಗೆ ಎಂಬುದು ಎಲ್ಲೂ ಇಲ್ಲ. ‘ಟೈಮ್ ಸಿಕ್ಕರೆ’ ಎಂದ ಮೇಲೆ ಅವರಿಗೆ ಸಿಗದೇ ಇರಬಹುದು.

ಎರಡರ ನಡುವಿನ ಹಾದಿ ಇದು: ‘ಐ ಥಿಂಕ್ ದಿ ಟೋಟಲ್ ಆನ್ ಪೇಜ್ ಫೋರ್ ಈಸ್ ಆಫ್. ದಿ ರೋಸ್ ಆಡ್ ಅಪ್ ಟು 1,420, ಬಟ್ ಇಟ್ ಸೇಸ್ 1,240. ಕುಡ್ ಯು ಕರೆಕ್ಟ್ ಇಟ್ ಬೈ ನೂನ್ ಆನ್ ಥರ್ಸ್‌ಡೇ? ಇಟ್ ಗೋಸ್ ಟು ದಿ ಕ್ಲೈಂಟ್ ಆನ್ ಫ್ರೈಡೇ.’ ಮೆತ್ತಗಿರುವುದು ಎರಡೇ ಕಡೆ, ‘ಐ ಥಿಂಕ್’ ಮತ್ತು ‘ಕುಡ್ ಯು’. ಎರಡೂ ವಾಕ್ಯದ ತಲೆಯಲ್ಲಿವೆ. ಪುಟ, ಅಂಕಿ, ಗಡುವು, ಕಾರಣ ಯಾವುದಕ್ಕೂ ಬಟ್ಟೆ ಸುತ್ತಿಲ್ಲ. ‘ಯು’ ಬಂದಿರುವುದು ಕೋರಿಕೆಯಲ್ಲಿ ಮಾತ್ರ. ತಪ್ಪಿನ ವಾಕ್ಯಕ್ಕೆ ಕರ್ತೃ ‘ಟೋಟಲ್’. ಬರೆದವರು ಎರಡು ಅಂಕಿಗಳನ್ನು ಅದಲು ಬದಲು ಟೈಪ್ ಮಾಡಿರಬಹುದು ಎಂಬುದು ನೋಡಿದ ಕೂಡಲೇ ಅವರಿಗೇ ಹೊಳೆಯುತ್ತದೆ, ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಇದೇ ತಪ್ಪು ಮೂರನೇ ತಿಂಗಳೂ ಬಂದರೆ ಇಷ್ಟು ಸಾಲದು. ಆಗ ಮಾತು ಇಮೇಲ್ ಬಿಟ್ಟು ಇಬ್ಬರೇ ಇರುವ ಕರೆಗೆ ಬರಬೇಕು. ಅಮೆರಿಕದ ಸೆಂಟರ್ ಫಾರ್ ಕ್ರಿಯೇಟಿವ್ ಲೀಡರ್‌ಶಿಪ್ ಸಂಸ್ಥೆ ಕಲಿಸುವ ಕ್ರಮ ಇಲ್ಲಿ ಉಪಯೋಗಕ್ಕೆ ಬರುತ್ತದೆ: ಯಾವ ಸಂದರ್ಭ, ಏನು ನಡೆಯಿತು, ಅದರಿಂದ ಏನಾಯಿತು. ‘ಯು ಆರ್ ಕೇರ್‌ಲೆಸ್’ ಎಂದರೆ ಅದು ವ್ಯಕ್ತಿಯ ಮೇಲಿನ ತೀರ್ಪು, ಎದುರಿನವರು ವಾದಕ್ಕೆ ನಿಲ್ಲುತ್ತಾರೆ. ‘ಮಾರ್ಚ್, ಏಪ್ರಿಲ್, ಮೇ ಮೂರೂ ವರದಿಗಳಲ್ಲಿ ಮೊತ್ತ ತಪ್ಪಿತ್ತು, ಗ್ರಾಹಕರು ಎರಡು ಸಲ ಫೋನ್ ಮಾಡಿ ಕೇಳಿದರು’ ಎಂದರೆ ವಾದಿಸುವುದಕ್ಕೆ ಜಾಗವಿರುವುದಿಲ್ಲ.

ಮಾತು ಕೇಳಿಸಿಕೊಳ್ಳುವ ಕಡೆಯ ತೊಡಕು ಬೇರೆ. ಬ್ರಿಟನ್ನಿನ ಮ್ಯಾನೇಜರ್ ‘ಯು ಮೈಟ್ ವಾಂಟ್ ಟು ಹ್ಯಾವ್ ಅನದರ್ ಲುಕ್ ಅಟ್ ಸೆಕ್ಷನ್ ಟೂ’ ಎಂದಾಗ, ಬೇಕಾದರೆ ನೋಡಿ ಎಂದು ಅರ್ಥ ಮಾಡಿಕೊಂಡು ಸುಮ್ಮನಾಗುವವರು ಬಹಳ. ಅವರು ಹೇಳಿದ್ದು ಹೆಚ್ಚಾಗಿ ‘ಅದನ್ನು ಸರಿಪಡಿಸಿ’ ಎಂದು. ‘ಕ್ವೈಟ್ ಗುಡ್’ ಎಂಬ ಹೊಗಳಿಕೆಯೂ ಅಷ್ಟೇ: ಅಮೆರಿಕದವರ ಬಾಯಲ್ಲಿ ಅದು ‘ತುಂಬಾ ಚೆನ್ನಾಗಿದೆ’, ಬ್ರಿಟಿಷರ ಬಾಯಲ್ಲಿ ಸುಮಾರಾಗಿ ನಮ್ಮ ‘ಪರವಾಗಿಲ್ಲ’. ಅಡುಗೆ ಪರವಾಗಿಲ್ಲ ಎಂದ ನೆಂಟರು ಮೆಚ್ಚಿದರೋ ಇಲ್ಲವೋ ಎಂಬುದನ್ನು ಕನ್ನಡಿಗರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಇಂಗ್ಲಿಷಿನಲ್ಲಿ ಕೇಳಿದಾಗ ಮಾತ್ರ ಆ ಕಿವಿ ಮುಚ್ಚಿಕೊಳ್ಳುತ್ತದೆ.

2014ರಲ್ಲಿ ಬಂದ ‘ದಿ ಕಲ್ಚರ್ ಮ್ಯಾಪ್’ ಪುಸ್ತಕದಲ್ಲಿ ಎರಿನ್ ಮೇಯರ್ ಈ ವ್ಯತ್ಯಾಸವನ್ನು ವಿವರಿಸಿದ್ದಾರೆ. ಡಚ್ಚರು, ಜರ್ಮನ್ನರು ಟೀಕೆಗೆ ‘ಟೋಟಲಿ’, ‘ಅಬ್ಸೊಲ್ಯೂಟ್ಲಿ’ಯಂಥ ಮಾತು ಸೇರಿಸಿ ತೂಕ ಏರಿಸುತ್ತಾರೆ. ಬ್ರಿಟಿಷರು ‘ಎ ಬಿಟ್’, ‘ಸ್ಲೈಟ್ಲಿ’ ಎಂದು ಇಳಿಸುತ್ತಾರೆ. ಅಮೆರಿಕದವರು ಮೊದಲು ಮೆಚ್ಚುಗೆಯ ಮಾತು ಹರಡಿ ಆಮೇಲೆ ಟೀಕೆಗೆ ಬರುತ್ತಾರೆ. ಹಾಗಾಗಿ ಡಚ್ಚರ ಕಟು ಮಾತು ಸಿಟ್ಟಲ್ಲದಿರಬಹುದು, ಬ್ರಿಟಿಷರ ‘ಎ ಬಿಟ್’ ಬಹಳವೇ ಆಗಿರಬಹುದು. ಇದೆಲ್ಲ ಅಂದಾಜಿಗೆ ಮಾತ್ರ. ಹುಬ್ಬಳ್ಳಿಯವರೆಲ್ಲ ಒಂದೇ ಥರ ಮಾತಾಡದಂತೆ ಲಂಡನ್ನಿನವರೂ ಮಾತಾಡುವುದಿಲ್ಲ.

ಅಂದಾಜನ್ನು ನೆಚ್ಚುವ ಬದಲು ಕೇಳಿ ಖಚಿತ ಮಾಡಿಕೊಳ್ಳಬಹುದು: ‘ಐ’ಲ್ ರಿವರ್ಕ್ ಸೆಕ್ಷನ್ ಟೂ ಬೈ ವೆನ್ಸ್‌ಡೇ. ಡಸ್ ಇಟ್ ಹ್ಯಾವ್ ಟು ಚೇಂಜ್ ಬಿಫೋರ್ ಇಟ್ ಗೋಸ್ ಔಟ್?’ ಸಾಫ್ಟ್‌ವೇರ್‌ನವರಲ್ಲಿ ಇದನ್ನು ಟೀಕೆ ಬರೆಯುವವರೇ ಗುರುತು ಹಾಕಿ ತಿಳಿಸುವ ರೂಢಿಯಿದೆ. ಗೂಗಲ್ ಬಹಿರಂಗವಾಗಿ ಇಟ್ಟಿರುವ ಕೋಡ್ ರಿವ್ಯೂ ಕೈಪಿಡಿಯಲ್ಲಿ, ಸಣ್ಣಪುಟ್ಟ ಮಾತಿಗೆ `Nit:`, ಬಿಟ್ಟರೂ ನಡೆಯುವುದಕ್ಕೆ `Optional:`, ತಿಳಿದಿರಲಿ ಎಂಬಷ್ಟಕ್ಕೆ `FYI:` ಎಂದು ಮೊದಲೇ ಬರೆಯುವಂತೆ ಸಲಹೆ ಇದೆ. ಇಲ್ಲೂ ಗುರುತು ಬರುವುದು ವಾಕ್ಯದ ತಲೆಯಲ್ಲೇ.

ಕೇಳಿಸಿಕೊಳ್ಳುವವರ ‘ಯೆಸ್’ ಕೂಡ ಎಡವಟ್ಟು ಮಾಡುತ್ತದೆ. ಫೋನಿನಲ್ಲಿ ‘ಹೂಂ’ ಗುಟ್ಟುವ ಅಭ್ಯಾಸದಲ್ಲೇ ‘ಯೆಸ್, ಯೆಸ್’ ಎನ್ನುತ್ತೇವೆ, ಕೇಳಿಸುತ್ತಿದೆ ಎಂಬ ಅರ್ಥದಲ್ಲಿ. ಆಚೆಯವರು ಅದನ್ನು ಒಪ್ಪಿಗೆಯೆಂದು ಬರೆದುಕೊಳ್ಳುತ್ತಾರೆ. ‘ಐ ವಿಲ್ ಟ್ರೈ’ ಎಂಬುದೂ ಹಾಗೇ: ಹೇಳಿದವರ ಮನಸ್ಸಿನಲ್ಲಿ ‘ನೋಡೋಣ’, ಅಂದರೆ ಬಹುಶಃ ಆಗಲಿಕ್ಕಿಲ್ಲ, ಕೇಳಿದವರ ಲೆಕ್ಕದಲ್ಲಿ ಕೆಲಸ ಶುರುವಾಗಿದೆ. ಕೇಳಿಸುತ್ತಿದೆ ಎಂದು ತಿಳಿಸಲು ‘ರೈಟ್’ ಅಥವಾ ‘ಐ ಸೀ’ ಸಾಕು. ಆಗದಿದ್ದರೆ ‘ಐ ಕಾಂಟ್ ಡೂ ಬೋತ್ ಬೈ ವೆನ್ಸ್‌ಡೇ. ವಿಚ್ ವನ್ ಶುಡ್ ಐ ಡೂ ಫಸ್ಟ್?’ ಎಂದರೆ ಆಗದ ವಿಷಯವೂ ತಿಳಿಯುತ್ತದೆ, ತೀರ್ಮಾನವೂ ಮ್ಯಾನೇಜರ್ ಕೈಯಲ್ಲೇ ಉಳಿಯುತ್ತದೆ.