ಮದುಮಗನ ರಜಾ ಅರ್ಜಿ

‘ಮನೆಯಲ್ಲಿ ಮದುವೆ ಇರುವುದರಿಂದ ಕೆಲವು ದಿನ ರಜೆ ಬೇಕು.’ ಹೀಗೆ ಬರೆದ ಅರ್ಜಿ ಸಾಹೇಬರ ಮೇಜಿನಿಂದ ವಾಪಸ್ ಬಂದರೆ ಅಚ್ಚರಿಯಿಲ್ಲ. ಮದುವೆ ಯಾರದು? ಕೆಲವು ದಿನ ಎಂದರೆ ಎಷ್ಟು? ಎರಡಕ್ಕೂ ಅದರಲ್ಲಿ ಉತ್ತರವಿಲ್ಲ.

ತಾಲ್ಲೂಕು ಕಚೇರಿಯ ಗುಮಾಸ್ತರೊಬ್ಬರ ಮದುವೆ ಮೇ 18ರ ಭಾನುವಾರ ಎಂದಿಟ್ಟುಕೊಳ್ಳಿ. ಶುಕ್ರವಾರ ಚಪ್ಪರ, ಶನಿವಾರ ಸಂಜೆ ಆರತಕ್ಷತೆ, ಭಾನುವಾರ ಮುಹೂರ್ತ. ಸೋಮವಾರ ಮನೆಯಲ್ಲಿ ಸತ್ಯನಾರಾಯಣ ಪೂಜೆ, ಬುಧವಾರ ಬೀಗರೂಟ, ಆಮೇಲೆರಡು ದಿನ ಮನೆದೇವರ ದರ್ಶನಕ್ಕೆ. ಹೀಗೆ ಮನೆಯವರ ಜೊತೆ ಕೂತು ಶಾಸ್ತ್ರಗಳನ್ನು ದಿನವಾರು ಬರೆದುಕೊಂಡರೆ ರಜೆಯ ಲೆಕ್ಕ ತಾನಾಗಿಯೇ ಸಿಗುತ್ತದೆ: 16ರಿಂದ 23ರವರೆಗೆ, 8 ದಿನ.

ರಾಜ್ಯ ಸರ್ಕಾರಿ ನೌಕರರ ಖಾತೆಗೆ ಸಾಮಾನ್ಯವಾಗಿ ಜನವರಿ 1ಕ್ಕೆ 15, ಜುಲೈ 1ಕ್ಕೆ 15 ಗಳಿಕೆ ರಜೆ ಜಮೆಯಾಗುತ್ತದೆ. ಮದುವೆಗೆ ಹೆಚ್ಚಾಗಿ ಒದಗುವುದು ಇದೇ. ಅರ್ಧ ದಿನಗಳಿಗೆ ಗಳಿಕೆ ರಜೆ, ಉಳಿದರ್ಧಕ್ಕೆ ಸಾಂದರ್ಭಿಕ ರಜೆ ಎಂದು ಎರಡನ್ನೂ ಬೆರೆಸುವಂತಿಲ್ಲ.

ಇನ್ನು ಭಾನುವಾರದ ಲೆಕ್ಕ. ಗಳಿಕೆ ರಜೆಯ ನಡುವೆ ಬಂದ 18ರ ಭಾನುವಾರವೂ ಖಾತೆಯಿಂದ ಕಳೆಯುತ್ತದೆ. ಆದರೆ 24 ನಾಲ್ಕನೇ ಶನಿವಾರ, 25 ಭಾನುವಾರ. ಎರಡೂ ರಜೆಯ ತುದಿಗೆ ಬಂದಿವೆ. ‘25ರವರೆಗೆ ರಜೆ ಕೊಡಿ’ ಎಂದು ಬರೆದರೆ 10 ದಿನ ಖರ್ಚು. ಅವೆರಡನ್ನೂ ರಜೆಯ ಜೊತೆಗೆ ಬಳಸಿಕೊಳ್ಳಲು ಅನುಮತಿ ಕೇಳಿದರೆ 8ಕ್ಕೇ ಮುಗಿಯುತ್ತದೆ.

ಅರ್ಜಿಯ ಒಡಲು ಇಷ್ಟಿದ್ದರೆ ಸಾಕು:

‘ಮಾನ್ಯರೇ, ನನ್ನ ವಿವಾಹವು ಮೇ 18ರಂದು ನಡೆಯಲಿದ್ದು, ಮದುವೆ ಹಾಗೂ ನಂತರದ ಶಾಸ್ತ್ರಗಳಿಗಾಗಿ 16ರಿಂದ 23ರವರೆಗೆ 8 ದಿನಗಳ ಗಳಿಕೆ ರಜೆ ಮಂಜೂರು ಮಾಡಿ, 24 ಮತ್ತು 25ರ ಸಾರ್ವತ್ರಿಕ ರಜೆಗಳನ್ನು ಬಳಸಿಕೊಳ್ಳಲು ಹಾಗೂ ಕೇಂದ್ರಸ್ಥಾನ ಬಿಡಲು ಅನುಮತಿ ನೀಡಬೇಕೆಂದು ಕೋರುತ್ತೇನೆ. ನನ್ನ ಕಡತಗಳನ್ನು ಪಕ್ಕದ ಶಾಖೆಯ ಸಹೋದ್ಯೋಗಿ ನೋಡಿಕೊಳ್ಳಲು ಒಪ್ಪಿರುತ್ತಾರೆ. 26ರ ಬೆಳಿಗ್ಗೆ ಕರ್ತವ್ಯಕ್ಕೆ ಹಾಜರಾಗುತ್ತೇನೆ. ಲಗ್ನಪತ್ರಿಕೆ ಲಗತ್ತಿಸಿದೆ.’

ಕಡತದ ಸಾಲನ್ನು ಬರೆಯುವ ಮುನ್ನ ಆ ಸಹೋದ್ಯೋಗಿಯನ್ನು ನಿಜಕ್ಕೂ ಒಪ್ಪಿಸಿರಬೇಕು. ಅರಿಶಿನ ಹಚ್ಚಿದ ಪತ್ರಿಕೆ ಕೊಟ್ಟು ‘ಬರಲೇಬೇಕು ಸಾರ್’ ಎಂದು ಕರೆದದ್ದು ಆಮಂತ್ರಣವಷ್ಟೇ, ಅರ್ಜಿಯಲ್ಲ. ಕಚೇರಿಗೆ ಬೇಕಾದದ್ದು ಸಹಿ ಮಾಡಿದ ಹಾಳೆ.

ಖಾಸಗಿ ಕಂಪನಿಗಳಲ್ಲಿ ಕೆಲವು ಮದುವೆಗೆಂದೇ ಪ್ರತ್ಯೇಕ ರಜೆ ಕೊಡುತ್ತವೆ, ಹಲವು ಕೊಡುವುದಿಲ್ಲ. ಅಲ್ಲಿ ನಡುವಿನ ಭಾನುವಾರದ ಲೆಕ್ಕವೂ ಬೇರೆ ಇರಬಹುದು. ಆದ್ದರಿಂದ ದಿನಾಂಕ ಬರೆಯುವ ಮುನ್ನ ನೇಮಕಾತಿ ಪತ್ರವನ್ನೋ ರಜೆ ನಿಯಮವನ್ನೋ ನೋಡಿಕೊಳ್ಳಬೇಕು.

ಬೀಗರೂಟ ಮುಂದಕ್ಕೆ ಹೋಯಿತೆನ್ನಿ. ಆಗ ಫೋನಿನಲ್ಲಿ ತಿಳಿಸಿ ಸುಮ್ಮನಾಗದೆ, 26ಕ್ಕೆ ಮೊದಲೇ ರಜೆ ವಿಸ್ತರಣೆಗೆ ಇನ್ನೊಂದು ಅರ್ಜಿ ಕಳಿಸಬೇಕು. ಇಲ್ಲವಾದರೆ ಹೆಚ್ಚುವರಿ ದಿನಗಳು ಹಾಜರಿ ಪುಸ್ತಕದಲ್ಲಿ ಗೈರುಹಾಜರಿಯಾಗಿ ಉಳಿಯುತ್ತವೆ.