ಸಾಹೇಬರ ಒಂದು ಸಾಲು, ನಮ್ಮ ಕೈಯಲ್ಲಿ ಮೂರು ಕೆಲಸ

ಪೀಣ್ಯದ ಕಾರ್ಖಾನೆಯೊಂದರಲ್ಲಿ ನಾನು ಕೆಲಸಕ್ಕಿದ್ದ ಕಾಲ. ಮಾರ್ಚ್ 10, ಮಂಗಳವಾರ. ಬೆಳಿಗ್ಗೆ ಹನ್ನೊಂದೂಮುಕ್ಕಾಲರ ಹೊತ್ತಿಗೆ ಪಕ್ಕದ ಮೇಜಿನ ಕಿರಿಯ ಇಂಜಿನಿಯರ್ ತನ್ನ ಕಂಪ್ಯೂಟರ್ ಪರದೆಯನ್ನು ನನ್ನ ಕಡೆ ತಿರುಗಿಸಿದಳು. ಮ್ಯಾನೇಜರ್ ಕಳಿಸಿದ ಮೇಲ್. ಸಬ್ಜೆಕ್ಟ್ ಜಾಗ ಖಾಲಿ. ಒಳಗೆ ಇದ್ದದ್ದು ‘ಅಪ್‌ಡೇಟ್ ಪ್ಲೀಸ್’ ಅಂತ ಎರಡೇ ಪದ.

“ಸರ್, ಯಾವುದರ ಬಗ್ಗೆ ಕೇಳ್ತಿದಾರೆ ಅಂತಾನೇ ಗೊತ್ತಾಗ್ತಿಲ್ಲ. ನನ್ನ ಹತ್ರ ಮೂರು ಕೆಲಸ ನಡೀತಿದೆ.”

ಆ ಮೂರು ಕೆಲಸ ಇವು. ಪುಣೆಯ ಗ್ರಾಹಕರಿಗೆ 25 ಪಂಪ್ ಹೌಸಿಂಗ್ ಸ್ಯಾಂಪಲ್ ಕಳಿಸುವುದು, ಗಡುವು 16ನೇ ತಾರೀಖು ಸೋಮವಾರ. ಶೆಡ್ಡಿನ ಮೂಲೆಯಲ್ಲಿ ಹೊಸ ಸಿಎನ್‌ಸಿ ಲೇತ್ ಕೂರಿಸುವುದು. ಸ್ಟೋರ್ಸಿನ ದಾಸ್ತಾನನ್ನೆಲ್ಲ ಹೊಸ ಸಾಫ್ಟ್‌ವೇರಿಗೆ ಏರಿಸುವುದು. ಅವಳು ಆಗಲೇ ಒಂದು ಉತ್ತರ ಬರೆದಿಟ್ಟಿದ್ದಳು:

“ಸರ್, ಮೂರೂ ಕೆಲಸ ನಡೆಯುತ್ತಿದೆ. ಸ್ಯಾಂಪಲ್ ಮೆಷಿನಿಂಗ್ ಮುಗಿದಿದೆ, ಸ್ವಲ್ಪ ರಿಜೆಕ್ಷನ್ ಇದೆ, ಫೌಂಡ್ರಿಯವರ ಜೊತೆ ಮಾತಾಡುತ್ತಿದ್ದೇವೆ. ಲೇತ್ ಫೌಂಡೇಶನ್ ಆಗಿದೆ. ಸ್ಟೋರ್ಸ್ ಡೇಟಾ 80% ಆಗಿದೆ. ಆದಷ್ಟು ಬೇಗ ಮುಗಿಸುತ್ತೇವೆ.”

ಇದರಲ್ಲಿ ಒಂದು ಸುಳ್ಳೂ ಇಲ್ಲ. ಆದರೂ ಇದನ್ನು ಓದಿದ ಮ್ಯಾನೇಜರ್ ಮಧ್ಯಾಹ್ನದ ಮೀಟಿಂಗಿನಲ್ಲಿ “ಸ್ಯಾಂಪಲ್ ರೆಡಿ” ಅಂದುಬಿಡುತ್ತಾರೆ. ಸೋಮವಾರ ಬಂದಾಗ 25 ಇರುವುದಿಲ್ಲ.

ಮುಂದೆ ಒಂದಷ್ಟು ವರ್ಷ ನಾನೂ ಅಂಥ ಒಂದು ಸಾಲಿನ ಮೇಲ್ ಕಳಿಸುವ ಕುರ್ಚಿಯಲ್ಲಿ ಕೂತಿದ್ದೆ. ಆ ಸಾಲು ಹುಟ್ಟುವುದು ಹೆಚ್ಚಾಗಿ ಎರಡು ಮೀಟಿಂಗುಗಳ ನಡುವಿನ ಐದು ನಿಮಿಷದಲ್ಲಿ. ಮೇಲಿನವರೋ ಗ್ರಾಹಕರೋ ಏನೋ ಕೇಳಿರುತ್ತಾರೆ, ಇನ್ನೊಂದು ಗಂಟೆಯಲ್ಲಿ ಬಾಯಿಬಿಟ್ಟು ಹೇಳಬೇಕಾಗಿರುತ್ತದೆ. ಆಗ ಮನಸ್ಸಿನಲ್ಲಿ ಎರಡು ಪ್ರಶ್ನೆ ಇರುತ್ತವೆ: ಇದರಲ್ಲಿ ನಾನೇನಾದರೂ ಮಾಡಬೇಕಾದ್ದು ಇದೆಯೇ? ಇಲ್ಲವಾದರೆ, ಕೇಳಿದವರಿಗೆ ಏನು ಹೇಳಲಿ? ಬರೆಯುವಾಗ ಎರಡೂ ಸೇರಿ ‘ಅಪ್‌ಡೇಟ್’ ಎಂಬ ಒಂದೇ ಪದವಾಗಿಬಿಡುತ್ತವೆ. ಉತ್ತರ ಬರೆಯುವವರು ಅವನ್ನು ಮತ್ತೆ ಬಿಡಿಸಿ ಇಡಬೇಕು.

ಐಬಿಎಂ ಕಂಪನಿಯಲ್ಲಿ ಒಎಸ್/360 ಎಂಬ ಭಾರಿ ತಂತ್ರಾಂಶದ ಕೆಲಸವನ್ನು ಮುನ್ನಡೆಸಿದ್ದ ಫ್ರೆಡ್ ಬ್ರೂಕ್ಸ್ 1975ರಲ್ಲಿ ಪ್ರಕಟಿಸಿದ ‘ದಿ ಮಿಥಿಕಲ್ ಮ್ಯಾನ್-ಮಂತ್’ ಪುಸ್ತಕದಲ್ಲಿ ಇದೇ ಮಾತು ಬರುತ್ತದೆ. ಮೇಲಧಿಕಾರಿಗೆ ಎರಡು ಬಗೆಯ ಸುದ್ದಿ ಬೇಕು, ಒಂದು ಅವನು ಕೈಹಾಕಲೇಬೇಕಾದದ್ದು, ಇನ್ನೊಂದು ಅವನಿಗೆ ತಿಳಿದಿದ್ದರೆ ಸಾಕಾದದ್ದು ಎನ್ನುತ್ತಾರೆ ಅವರು. ಎರಡನ್ನೂ ಕಲಸಿಬಿಟ್ಟರೆ, ಕೆಳಗಿನವರೇ ಸರಿಮಾಡಬಹುದಾದ ಸಣ್ಣ ತೊಡಕಿಗೂ ಮೇಲಿನವರು ಧುಮುಕುತ್ತಾರೆ. ಹಾಗಾಗುತ್ತದೆಂಬ ಅಂಜಿಕೆಯಿಂದ ಕೆಳಗಿನವರು ಮುಂದಿನ ಸಲ ತೊಡಕನ್ನೇ ಹೇಳುವುದಿಲ್ಲ. ಅವಳು ‘ಸ್ವಲ್ಪ ರಿಜೆಕ್ಷನ್’ ಎಂದು ಬರೆದದ್ದರ ಹಿಂದೆ ಇದ್ದದ್ದೂ ಅದೇ ಅಂಜಿಕೆ.

“ಸ್ವಲ್ಪ ಅಂದ್ರೆ ಎಷ್ಟಮ್ಮ?” ಅಂತ ಕೇಳಿದೆ.

ಲೆಕ್ಕ ಹೊರಬಿತ್ತು. ಬೆಳಗಾವಿಯ ಫೌಂಡ್ರಿಯಿಂದ ಬಂದದ್ದು 27 ಕಾಸ್ಟಿಂಗ್. 25ಕ್ಕೆ ಮೆಷಿನಿಂಗ್ ಆಗಿದೆ, ಪಾಸಾದದ್ದು 21. ನಾಲ್ಕರಲ್ಲಿ ಬೋರ್ ಕೊರೆದ ಮೇಲೆ ಬ್ಲೋ ಹೋಲ್ ಕಂಡಿದೆ. ಎರಕ ಹೊಯ್ಯುವಾಗ ಒಳಗೆ ಸಿಕ್ಕಿಬಿದ್ದ ಗಾಳಿಯ ಗುಳ್ಳೆ ಅದು. ಮೇಲ್ಪದರದ ಕೆಳಗೆ ಅಡಗಿರುವುದರಿಂದ ಕಾಸ್ಟಿಂಗ್ ಕೈಗೆ ಬಂದಾಗ ಎಷ್ಟು ನೋಡಿದರೂ ಕಾಣುವುದಿಲ್ಲ, ಉಳಿಯ ಮೊನೆ ಅಲ್ಲಿಗೆ ಮುಟ್ಟಿದಾಗಲೇ ಬಾಯಿಬಿಡುವುದು. ಹಾಗಾಗಿ ಉಳಿದ 2 ಕಾಸ್ಟಿಂಗ್ ಮೇಲೆ ಭರವಸೆ ಇಡುವಂತಿಲ್ಲ. ಎರಡೂ ಚೆನ್ನಾಗಿ ಬಂದರೂ 23 ಆಗುತ್ತದೆ, 25 ಆಗುವುದಿಲ್ಲ. ಅವಳು ಇನ್ನೂ 6 ಕಾಸ್ಟಿಂಗ್ ಕೇಳಿದ್ದಳು. ಕಮ್ಮಿ ಇರುವುದು ನಾಲ್ಕೇ ಆದರೂ, ಇಪ್ಪತ್ತೈದಕ್ಕೆ ನಾಲ್ಕು ಹಾಳಾಗುತ್ತಿರುವಾಗ ಎರಡು ಹೆಚ್ಚಿಗೆ ತರಿಸಿದ್ದು ಸರಿಯೇ. ಫೌಂಡ್ರಿಯ ಮುಂದಿನ ಎರಕ ಗುರುವಾರ. ಶುಕ್ರವಾರ ರಾತ್ರಿಯ ಬಸ್ಸಿಗೆ ಹಾಕಿದರೆ ಶನಿವಾರ ಕೈಗೆ ಬರುತ್ತದೆ. ಸೋಮವಾರ ಮೆಷಿನಿಂಗ್, ಮಂಗಳವಾರ ಇನ್‌ಸ್ಪೆಕ್ಷನ್. ಎಲ್ಲ 25 ಹೊರಡುವುದು 17ರ ಸಂಜೆ. ಅಂದರೆ ಒಂದು ದಿನ ತಡ.

ಒಂದು ದಿನ ತಡವಾದರೆ ಪ್ರಳಯವೇನೂ ಆಗದು. ಆದರೆ ಇಲ್ಲಿ ಅವಳ ಕೈಯಲ್ಲಿ ಇಲ್ಲದ ಒಂದು ಸಂಗತಿ ಇತ್ತು. ಪಾಸಾದಷ್ಟನ್ನು ಸೋಮವಾರ ಕಳಿಸಿ ಉಳಿದದ್ದನ್ನು ಮಾರನೆಯ ದಿನ ಕಳಿಸಬಹುದೇ ಎಂದು ಪುಣೆಯವರನ್ನು ಕೇಳಬೇಕು, ಕೇಳುವ ಅಧಿಕಾರ ಮ್ಯಾನೇಜರಿಗೇ ಇರುವುದು. ಇಡೀ ಉತ್ತರದಲ್ಲಿ ಅವರು ಕೈಹಾಕಬೇಕಾದದ್ದು ಇದೊಂದೇ. ಅವಳ ಪತ್ರದಲ್ಲಿ ಇದು ‘ಮಾತಾಡುತ್ತಿದ್ದೇವೆ’ ಎಂಬ ಮಾತಿನ ಅಡಿಗೆ ಬಿದ್ದುಹೋಗಿತ್ತು.

ಆಮೇಲೆ ಆ 80%. ಸ್ಟೋರ್ಸಿನಲ್ಲಿ ಒಟ್ಟು 2,600 ಬಗೆಯ ಸಾಮಾನು. ಅದರಲ್ಲಿ 2,150 ಸಾಫ್ಟ್‌ವೇರಿಗೆ ಏರಿದ್ದವು. ಲೆಕ್ಕ ಹಾಕಿದರೆ 80ಕ್ಕಿಂತ ಸ್ವಲ್ಪ ಹೆಚ್ಚೇ. ಆದರೆ ಈ 2,150 ಹಳೆಯ ಎಕ್ಸೆಲ್ ಹಾಳೆಯಿಂದ ಮೂರೇ ದಿನದಲ್ಲಿ ಏರಿದವು. ಉಳಿದ 450ರಲ್ಲಿ ಪುಸ್ತಕದ ಲೆಕ್ಕಕ್ಕೂ ರ‍್ಯಾಕಿನಲ್ಲಿರುವುದಕ್ಕೂ ತಾಳೆಯಿಲ್ಲ. ಒಂದೊಂದನ್ನೂ ಕೆಳಗಿಳಿಸಿ ಎಣಿಸಬೇಕು. ಇಬ್ಬರು ಕೂತರೆ ದಿನಕ್ಕೆ ಅರವತ್ತು ಆಗುತ್ತದೆ, ಎಂಟು ದಿನ ಬೇಕು. ಮೂರು ದಿನದಲ್ಲಿ 80% ಆಯಿತೆಂದು ಕೇಳಿದ ಯಾರಾದರೂ ಇನ್ನೊಂದು ದಿನದಲ್ಲಿ ಮುಗಿಯುತ್ತದೆ ಎಂದೇ ತಿಳಿಯುತ್ತಾರೆ. ಬ್ರೂಕ್ಸ್ ಇದನ್ನೂ ಗಮನಿಸಿದ್ದರು: ಪ್ರೋಗ್ರಾಂ ಬರೆಯುವ ಕೆಲಸ ಅದರ ಅರ್ಧ ಅವಧಿಯುದ್ದಕ್ಕೂ 90% ಮುಗಿದೇ ಇರುತ್ತದೆ ಎಂದು. ಶೇಕಡಾ ಲೆಕ್ಕ ಹೇಳುವುದು ಆದ ಕೆಲಸದ ಪ್ರಮಾಣವನ್ನು. ಕೇಳುವವರಿಗೆ ಬೇಕಾದದ್ದು ಉಳಿದದ್ದಕ್ಕೆ ಎಷ್ಟು ದಿನ ಎಂಬುದು.

ಲೇತಿನದು ಇನ್ನೊಂದು ತರಹ. ಫೌಂಡೇಶನ್ ಕಾಂಕ್ರೀಟ್ ಹಾಕಿದ್ದು 3ನೇ ತಾರೀಖು. ಕಾಂಕ್ರೀಟಿನ ಪೂರ್ತಿ ಬಲವನ್ನು ಲೆಕ್ಕ ಹಿಡಿಯುವುದು 28 ದಿನಕ್ಕೆ, ಅಂದರೆ 31ಕ್ಕೆ. ಅಲ್ಲಿಯವರೆಗೆ ಯಂತ್ರ ಕೂರಿಸುವ ಹಾಗಿಲ್ಲ. ಕ್ಯೂರಿಂಗಿಗೆ ನೀರು ಹಾಕುವುದು ಬಿಟ್ಟರೆ ಅವಳಿಗೆ ಅಲ್ಲಿ ಕೆಲಸವೂ ಇಲ್ಲ. ಏನೂ ಬರೆಯದಿದ್ದರೆ ಸುಮ್ಮನೆ ಕೂತಂತೆ ಕಾಣುತ್ತದಲ್ಲ ಎಂದು ಅವಳಿಗೆ ಹಿಂಜರಿಕೆ. ಕಾಯುವುದೇ ಕೆಲಸವಾಗಿದ್ದಾಗ ಕಾಯುತ್ತಿದ್ದೇವೆ ಎಂದು ತಾರೀಖಿನ ಸಮೇತ ಬರೆದರೆ ಮ್ಯಾನೇಜರಿಗೆ ಅಷ್ಟರಮಟ್ಟಿಗೆ ಒಂದು ಚಿಂತೆ ಕಮ್ಮಿ.

ಯಾವ ಕೆಲಸದ ಬಗ್ಗೆ ಎಂದು ಮರುಪ್ರಶ್ನೆ ಹಾಕೋಣವೇ ಎಂದು ಅವಳು ಕೇಳಿದಳು. ಬೇಡ ಅಂದೆ. ಮೀಟಿಂಗಿನಲ್ಲಿ ಕೂತವರು ಆ ಪ್ರಶ್ನೆ ನೋಡಿ ಉತ್ತರಿಸುವುದರೊಳಗೆ ಮಧ್ಯಾಹ್ನವಾಗುತ್ತದೆ. ಮೂರನ್ನೂ ಬರೆದು, ಗಡುವು ಹತ್ತಿರ ಇರುವುದನ್ನು ಮೊದಲಿಟ್ಟರೆ ಅವರು ಕೇಳಿದ್ದು ಯಾವುದಾದರೂ ಅದರಲ್ಲಿ ಸಿಗುತ್ತದೆ. ಇಪ್ಪತ್ತು ಕೆಲಸ ಇದ್ದವರಿಗೆ ಈ ಮಾತು ಒಪ್ಪುವುದಿಲ್ಲ. ಅವರು ಗಡುವು ಸಮೀಪಿಸಿದ ಮೂರ್ನಾಲ್ಕನ್ನು ಬರೆದು, ಉಳಿದವು ಹೇಳಿದ ತಾರೀಖಿಗೇ ಇವೆ ಎಂದರೆ ಸಾಕು. ಅದು ನಿಜವಾಗಿದ್ದರೆ ಮಾತ್ರ.

ಹನ್ನೆರಡೂಕಾಲಿಗೆ ಅವಳು ಕಳಿಸಿದ್ದು ಹೀಗಿತ್ತು. ಮೂಲ ಇಂಗ್ಲಿಷಿನಲ್ಲಿತ್ತು, ನಮ್ಮ ಆಫೀಸಿನ ಮೇಲ್‌ಗಳೆಲ್ಲ ಇಂಗ್ಲಿಷಿನವೇ.

“ವಿಷಯ: ಪಂಪ್ ಹೌಸಿಂಗ್ – ನಾಳೆ ಸಂಜೆಯೊಳಗೆ ನಿಮ್ಮ ತೀರ್ಮಾನ ಬೇಕು, ಲೇತ್, ಸ್ಟೋರ್ಸ್ – ಮಾಹಿತಿಗೆ

ಸರ್,

ಪುಣೆಯ ಸ್ಯಾಂಪಲ್ ಒಂದರಲ್ಲಿ ಮಾತ್ರ ನಿಮ್ಮ ಸಹಾಯ ಬೇಕು. ಉಳಿದೆರಡು ಹೇಳಿದ ತಾರೀಖಿಗೇ ಇವೆ.

ಪಂಪ್ ಹೌಸಿಂಗ್: 25ರಲ್ಲಿ 21 ಪಾಸಾಗಿವೆ, 4 ಬ್ಲೋ ಹೋಲಿನಿಂದ ರಿಜೆಕ್ಟ್. ಉಳಿದ 2 ಕಾಸ್ಟಿಂಗ್ ಇಂದು ನಾಳೆಯಲ್ಲಿ ಮೆಷಿನಿಂಗ್ ಆಗುತ್ತವೆ. ಇನ್ನೂ 6 ಕಾಸ್ಟಿಂಗ್ ಕೇಳಿದ್ದೇನೆ, ಎರಕ ಗುರುವಾರ, ನಮ್ಮ ಕೈಗೆ ಶನಿವಾರ. ಪೂರ್ತಿ 25 ಹೊರಡುವುದು 16ರ ಬದಲು 17ರ ಸಂಜೆ. ಪಾಸಾದಷ್ಟನ್ನು 16ಕ್ಕೆ, ಉಳಿದದ್ದನ್ನು 17ಕ್ಕೆ ಕಳಿಸಬಹುದೇ ಎಂದು ದಯವಿಟ್ಟು ಪುಣೆಯವರನ್ನು ಕೇಳಿ. ನಾಳೆ ಸಂಜೆ 5ರೊಳಗೆ ತಿಳಿಸಿದರೆ ಎರಡು ಪೆಟ್ಟಿಗೆಗೆ ಹೇಳಿಬಿಡುತ್ತೇನೆ. ಏನೂ ತಿಳಿಯದಿದ್ದರೆ ಎಲ್ಲವನ್ನೂ 17ಕ್ಕೆ ಒಟ್ಟಿಗೆ ಕಳಿಸುತ್ತೇನೆ.

ಲೇತ್: ಕಾಂಕ್ರೀಟ್ 3ಕ್ಕೆ ಹಾಕಿದ್ದು, 28 ದಿನ ಮುಗಿಯುವುದು 31ಕ್ಕೆ. ಯಂತ್ರ ಏಪ್ರಿಲ್ 1ಕ್ಕೆ ಬರುತ್ತದೆ. ಈ ವಾರ ಕ್ಯೂರಿಂಗ್ ಬಿಟ್ಟರೆ ಬೇರೆ ಕೆಲಸವಿಲ್ಲ.

ಸ್ಟೋರ್ಸ್: 450 ಸಾಮಾನು ಎಣಿಸುವುದು ಬಾಕಿ. ನಾಳೆ ಶುರುಮಾಡಿದರೆ, 19ರ ರಜೆ ಕಳೆದು, 20ಕ್ಕೆ ಮುಗಿಯುತ್ತದೆ. ಇಬ್ಬರೂ ಎಣಿಕೆಗೇ ಇದ್ದರೆ ಈ ಲೆಕ್ಕ. ಮಾರ್ಚ್ 31ರ ವರ್ಷಾಂತ್ಯದ ದಾಸ್ತಾನಿಗೆ ತೊಂದರೆಯಿಲ್ಲ.

ಗುರುವಾರ ಸಂಜೆ 5ಕ್ಕೆ ಸ್ಯಾಂಪಲ್ ಬಗ್ಗೆ ಮತ್ತೆ ಬರೆಯುತ್ತೇನೆ.”

ಈ ಪತ್ರದಲ್ಲಿ ನನಗೆ ಬಹಳ ಹಿಡಿಸಿದ್ದು ‘ಏನೂ ತಿಳಿಯದಿದ್ದರೆ’ ಎಂಬ ಸಾಲು. ಕೇಳಿದ ತೀರ್ಮಾನ ಬರದೇ ಹೋದರೆ ತಾನೇನು ಮಾಡುತ್ತೇನೆ ಎಂದು ಮೊದಲೇ ಹೇಳಿದ್ದರಿಂದ, ಮ್ಯಾನೇಜರ್ ಮರೆತರೂ ಕೆಲಸ ನಿಲ್ಲುವುದಿಲ್ಲ, ಆಮೇಲೆ ‘ನನಗೇಕೆ ಹೇಳಲಿಲ್ಲ’ ಎಂಬ ಮಾತೂ ಬರುವುದಿಲ್ಲ. ಎರಡನೆಯದು, ತಾರೀಖಿನ ಪಕ್ಕದಲ್ಲೇ ಅದು ಯಾವುದರ ಮೇಲೆ ನಿಂತಿದೆ ಎಂದು ಬರೆದದ್ದು. ‘ಇಬ್ಬರೂ ಎಣಿಕೆಗೇ ಇದ್ದರೆ’ ಎಂದಿದ್ದರಿಂದ ಅವರಲ್ಲೊಬ್ಬನನ್ನು ಬೇರೆ ಕಡೆ ಕಳಿಸುವ ಮುನ್ನ ಮ್ಯಾನೇಜರ್ ಒಮ್ಮೆ ಯೋಚಿಸುತ್ತಾರೆ. ಫೌಂಡ್ರಿಯವರನ್ನು ದೂರುವ ಒಂದು ಪದವೂ ಇರಲಿಲ್ಲ. 4 ರಿಜೆಕ್ಟ್, ಕಾರಣ ಬ್ಲೋ ಹೋಲ್, ಅಷ್ಟೇ. ತಪ್ಪು ಯಾರದು ಎಂಬ ವಿಚಾರಣೆಗೆ ಬೇರೆ ದಿನ ಇದೆ.

ಇಂಥ ಪತ್ರ ಕೈಕೊಟ್ಟಿತೇ ಇಲ್ಲವೇ ಎಂದು ತಿಳಿಯಲು ಹೆಚ್ಚು ಹೊತ್ತು ಬೇಕಾಗಿಲ್ಲ. ಕಳಿಸಿದ ಹತ್ತು ನಿಮಿಷಕ್ಕೆ ಮ್ಯಾನೇಜರ್ ಫೋನ್ ಮಾಡಿ “ಹಾಗಾದ್ರೆ 16ಕ್ಕೆ ಹೋಗುತ್ತೋ ಇಲ್ವೋ?” ಎಂದು ಕೇಳಿದರೆ, ಮುಖ್ಯ ಸಂಗತಿ ಪತ್ರದಲ್ಲಿ ಬಂದಿಲ್ಲ ಅಥವಾ ಕಣ್ಣಿಗೆ ಬೀಳದ ಜಾಗದಲ್ಲಿದೆ ಎಂದರ್ಥ. ಅವತ್ತು ಫೋನ್ ಬರಲಿಲ್ಲ. ಮಧ್ಯಾಹ್ನ ಮೂರಕ್ಕೆ ಮತ್ತೆ ಒಂದೇ ಸಾಲು ಬಂತು: “ಪುಣೆಯವರು ಒಪ್ಪಿದ್ದಾರೆ, ಎರಡು ಕಂತಲ್ಲಿ ಕಳಿಸಿ.”

ಗುರುವಾರ ಸಂಜೆ ಐದಕ್ಕೆ, ಯಾರೂ ಕೇಳುವ ಮುನ್ನ, ಅವಳು ಬರೆದಳು: “ಸರ್, 6 ಕಾಸ್ಟಿಂಗ್ ಎರಕ ಇಂದು ಆಯಿತು. ಉಳಿದಿದ್ದ 2ರಲ್ಲಿ ಒಂದು ಪಾಸ್, ಒಂದು ರಿಜೆಕ್ಟ್. ಸೋಮವಾರ 22 ಹೊರಡುತ್ತವೆ, 17ಕ್ಕೆ 3.”