ಮೊದಲ ಮಾತು ಯಾರದು?

ಧಾರವಾಡದ ಹಾಸ್ಟೆಲಿನಲ್ಲಿ ಮೂರು ವರ್ಷ ನನ್ನ ಕೋಣೆಯಲ್ಲೇ ಇದ್ದ ಗೆಳತಿ ಈಗ ಪುಣೆಯಲ್ಲಿದ್ದಾಳೆ. ಈ ಸ್ನೇಹವನ್ನು ನಾನೊಬ್ಬಳೇ ಎಳೆಯುತ್ತಿದ್ದೇನೆ ಅನ್ನಿಸತೊಡಗಿದಾಗ ಒಂದು ಭಾನುವಾರ ವಾಟ್ಸ್‌ಆ್ಯಪ್ ತೆರೆದು, ಹಿಂದಿನ ಎಂಟು ವಾರಗಳ ಮಾತುಕತೆಯನ್ನು ಎಣಿಸಲು ಕೂತೆ.

ಒಟ್ಟು ಮೆಸೇಜುಗಳನ್ನು ಎಣಿಸಿದರೆ ಪ್ರಯೋಜನವಿಲ್ಲ. ಕೆಲವರು ಒಂದೇ ಮಾತನ್ನು ಐದು ತುಂಡು ಮಾಡಿ ಕಳಿಸುತ್ತಾರೆ. ಅದಕ್ಕೇ, ಇಡೀ ದಿನ ಇಬ್ಬರೂ ಸುಮ್ಮನಿದ್ದು ಆಮೇಲೆ ಬಂದ ಮೊದಲ ಮಾತನ್ನಷ್ಟೇ ಗುರುತು ಹಾಕಿಕೊಂಡೆ. ಫೋನ್ ಕರೆಗಳನ್ನೂ ಸೇರಿಸಿದೆ. ಗುಡ್ ಮಾರ್ನಿಂಗ್ ಚಿತ್ರ, ಫಾರ್ವರ್ಡು, ಹಬ್ಬದ ಶುಭಾಶಯಗಳನ್ನು ಬಿಟ್ಟೆ. ಅವು ಊರಿಗೆಲ್ಲ ಹೋಗುವಂಥವು.

ಒಟ್ಟು 14 ಸಲ ಮಾತು ಶುರುವಾಗಿತ್ತು. 12 ಸಲ ಶುರು ಮಾಡಿದ್ದು ನಾನು. ಅವಳ ಎರಡರಲ್ಲಿ ಒಂದು, ತಮ್ಮನಿಗೆ ಹುಬ್ಬಳ್ಳಿಯಲ್ಲಿ ಪಿಜಿ ಹುಡುಕಿಕೊಡು ಅಂತ. ಇನ್ನೊಂದು, ಅದೇ ಪಿಜಿಯ ಅಡ್ವಾನ್ಸಿನ ವಿಚಾರ.

ಇಷ್ಟರಿಂದಲೇ ತೀರ್ಪು ಕೊಡಬಾರದು. ತಾವಾಗಿ ಎಂದೂ ಮಾತು ತೆಗೆಯದ, ಆದರೆ ಕರೆದರೆ ಮನಸಾರೆ ಮಾತಾಡುವ ಜನ ಇದ್ದಾರೆ. ನನ್ನ ದೊಡ್ಡಮ್ಮನ ಮಗ ಹಾಗೆಯೇ. ಮೂರು ದಿನ ತಡವಾಗಿ ಉತ್ತರಿಸುತ್ತಾನೆ, ಆದರೆ ನಾನು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟು ತಾನೂ ಎರಡು ಪ್ರಶ್ನೆ ಕೇಳುತ್ತಾನೆ. ತಡವಾಗುವುದು ಲಕ್ಷಣವಲ್ಲ. ಉತ್ತರದಲ್ಲಿ ಮರುಪ್ರಶ್ನೆ ಇದೆಯೇ ಎಂಬುದನ್ನು ನೋಡಬೇಕು.

ಗೆಳತಿಯ ಉತ್ತರಗಳನ್ನು ಹಾಗೆ ಓದಿದೆ. ನನ್ನ 12ರಲ್ಲಿ ಎರಡಕ್ಕೆ ಉತ್ತರವೇ ಇಲ್ಲ. ಏಳಕ್ಕೆ ‘ಹೂಂ’, ‘ಆಮ್ಯಾಲೆ ಮಾತಾಡೋಣು’, ಇಲ್ಲವೇ ಒಂದು ಹೆಬ್ಬೆರಳು. ಮೂರು ಉದ್ದದ ಉತ್ತರಗಳಿದ್ದವು, ಮೂರೂ ಅವಳ ಆಫೀಸಿನ ಕಥೆ. ಅವ್ವನ ಕಣ್ಣಿನ ಪೊರೆಯ ಆಪರೇಷನ್ ಆಯಿತೆಂದು ಬರೆದಿದ್ದೆ. ಮುಂದಿನ ಯಾವ ವಾರವೂ ಅವಳು ಅದನ್ನು ಕೇಳಲಿಲ್ಲ. ನನಗೆ ಎಲ್ಲಕ್ಕಿಂತ ಗಟ್ಟಿ ಗುರುತು ಇದೇ ಅನ್ನಿಸಿತು: ಹಿಂದಿನ ವಾರ ನಾವು ಹೇಳಿದ್ದು ಅವರ ನೆನಪಿನಲ್ಲಿ ಉಳಿದಿರುವುದಿಲ್ಲ.

ಇನ್ನೊಂದು ಪರೀಕ್ಷೆ ಉಳಿದಿತ್ತು. ಹಿಂದಿನ ವರ್ಷದ ಅದೇ ಎಂಟು ವಾರಗಳನ್ನು ತೆಗೆದು ನೋಡಿದೆ. ಆಗ ನನ್ನವು ಏಳು, ಅವಳವು ಆರು. ಅಂದರೆ ಇದು ಅವಳ ಸ್ವಭಾವವಲ್ಲ, ನಡುವೆ ಏನೋ ಬದಲಾಗಿದೆ. ಬಾಣಂತನ, ಪರೀಕ್ಷೆ, ಮನೆಯಲ್ಲಿ ಸಾವು ಇಂಥದ್ದಿದ್ದರೆ ಎಂಟು ವಾರದ ಲೆಕ್ಕ ನಿಲ್ಲುವುದಿಲ್ಲ.

2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 84 ವಿದ್ಯಾರ್ಥಿಗಳನ್ನು ಪರಸ್ಪರರ ಬಗ್ಗೆ ಕೇಳಿದ್ದರು. ತಾವು ಗೆಳೆಯರೆಂದವರಲ್ಲಿ ಶೇ. 94ರಷ್ಟು ಮಂದಿ ತಮ್ಮನ್ನೂ ಹಾಗೇ ಎಣಿಸುತ್ತಾರೆಂದು ಅವರು ನಂಬಿದ್ದರು. ನಿಜವಾದದ್ದು ಶೇ. 53ರಷ್ಟು ಮಾತ್ರ. ಊಹೆಗಿಂತ ಎಣಿಕೆ ಮೇಲು ಎಂದು ನಾನು ಅಂದುಕೊಂಡದ್ದು ಇದಕ್ಕೇ.

ಸುಮ್ಮನಿದ್ದು ಪರೀಕ್ಷಿಸುವುದು ನನಗೆ ಸರಿ ಕಾಣಲಿಲ್ಲ. ಪರೀಕ್ಷೆ ನಡೆಯುತ್ತಿದೆ ಎಂಬುದೇ ಅವಳಿಗೆ ಗೊತ್ತಿರುವುದಿಲ್ಲ. ಫೋನ್ ಮಾಡಿ ನೇರವಾಗಿ ಕೇಳಿದೆ. ‘ನೀನ ಮಾಡ್ತೀಯಲ್ಲ ಅಂತ ಬಿಟ್ಟಿದ್ದೆ’ ಅಂದಳು. ಸಿಟ್ಟಿರಲಿಲ್ಲ, ಬೇಸರವೂ ಇರಲಿಲ್ಲ. ಆಮೇಲಿನ ನಾಲ್ಕು ವಾರಗಳಲ್ಲಿ ಐದು ಸಲ ಮಾತು ಶುರುವಾಯಿತು, ಐದೂ ಸಲ ನನ್ನಿಂದಲೇ. ಈಗ ತಿಂಗಳಿಗೊಮ್ಮೆ ಮಾಡುತ್ತೇನೆ.